ಕಡಿಮೆ ಬಿದ್ದ ನಾಲ್ಕು ಕ್ವಿಂಟಲ್ ಅಕ್ಕಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಲ್ಲಿ ಸುಗ್ಗಿಯ ದಿನಗಳಲ್ಲಿ ಒಂದು ಜಗಳ ಮತ್ತೆ ಮತ್ತೆ ನಡೆಯುತ್ತದೆ. ಸಂಜೆ ಗುಮಾಸ್ತ ಅಂದಿನ ಲೆಕ್ಕ ತಂದು ಮುಂದಿಡುತ್ತಾನೆ. ಹಾಕಿದ ಭತ್ತಕ್ಕೆ ಬರಬೇಕಾದಷ್ಟು ಅಕ್ಕಿ ಬಂದಿರುವುದಿಲ್ಲ. ಸಾಹುಕಾರರು ಮಷಿನ್ ಆಪರೇಟರನನ್ನು ಕರೆಸುತ್ತಾರೆ. "ಯಾಕೋ, ಅಕ್ಕಿ ಕಮ್ಮಿ ಬಿತ್ತು?" ಆಪರೇಟರನ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಭತ್ತಾನ ಹಂಗ ಐತ್ರೀ ಸಾಹುಕಾರ್ರ, ಮಷಿನ್ ಏನ್ ಮಾಡ್ತೈತಿ?" ಭತ್ತ ಕೊಂಡು ತಂದವನು ಅಲ್ಲೇ ನಿಂತಿದ್ದರೆ ಅವನಿಗೆ ಸಿಟ್ಟು ಬರುತ್ತದೆ. ಅರ್ಧ ಗಂಟೆ ಮಾತು ಬೆಳೆದು, ಯಾರ ತಪ್ಪೆಂದು ತೀರ್ಮಾನವಾಗದೆ ಎಲ್ಲರೂ ಎದ್ದು ಹೋಗುತ್ತಾರೆ. ಮರುದಿನ ಗಿರಣಿ ಮೊದಲಿನಂತೆಯೇ ಓಡುತ್ತದೆ.

ಈ ಜಗಳ ಬಗೆಹರಿಯದಿರಲು ಒಂದು ಕಾರಣವಿದೆ. ಕೊರತೆಯನ್ನು ಎಲ್ಲರೂ ಒಂದೇ ಅಂಕಿಯಾಗಿ ನೋಡುತ್ತಾರೆ. ನೂರಕ್ಕೆ ಅರವತ್ತಾರು ಬರಬೇಕಿತ್ತು, ಅರವತ್ತೆರಡು ಬಂತು ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಆದರೆ ಆ ನಾಲ್ಕು ಕ್ವಿಂಟಲ್ ಒಂದೇ ಕಡೆಯಿಂದ ಹೋಗಿರುವುದಿಲ್ಲ. ಸ್ವಲ್ಪ ಗಾಳಿಗೆ, ಸ್ವಲ್ಪ ಕಸಕ್ಕೆ, ಸ್ವಲ್ಪ ತೌಡಿನ ಚೀಲಕ್ಕೆ ಸೇರಿರುತ್ತದೆ. ಇದರ ಜೊತೆಗೆ ತೂಕದಲ್ಲಿ ಕಾಣದ ಇನ್ನೊಂದು ನಷ್ಟವಿದೆ. ಇಡಿ ಅಕ್ಕಿಯಾಗಬೇಕಿದ್ದದ್ದು ನುಚ್ಚಾಗಿರುತ್ತದೆ. ಒಂದೊಂದನ್ನೂ ಬೇರೆ ಮಾಡಿ ತೂಗಿದರೆ ಯಾರು ಯಾವುದಕ್ಕೆ ಉತ್ತರ ಕೊಡಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಲೆಕ್ಕಶಾಸ್ತ್ರದವರು ಇದನ್ನು ಇಳುವರಿ ವ್ಯತ್ಯಾಸ ಎನ್ನುತ್ತಾರೆ. ಹೆಸರು ದೊಡ್ಡದಾದರೂ ಲೆಕ್ಕ ಮಾತ್ರ ಕೂಡುವ ಕಳೆಯುವ ಲೆಕ್ಕವೇ.

ಒಂದು ಕಾಳಿನೊಳಗೆ ಏನಿದೆ

ಒಂದು ಭತ್ತದ ಕಾಳನ್ನು ಉಗುರಿನಿಂದ ಬಿಡಿಸಿ ನೋಡಿ. ಹೊರಗೆ ಒರಟು ಹೊಟ್ಟು. ಕಾಳಿನ ತೂಕದ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಇದರಲ್ಲೇ ಇರುತ್ತದೆ. ಒಳಗೆ ಕಂದು ಬಣ್ಣದ ಅಕ್ಕಿ. ಆ ಕಂದು ಬಣ್ಣದ ತೆಳು ಪದರ ಮತ್ತು ಮೂಲೆಯ ಮೊಳಕೆಯ ಭಾಗ ಸೇರಿ ತೌಡಾಗುತ್ತದೆ. ಭತ್ತದ ತೂಕದಲ್ಲಿ ಇದು ನೂರಕ್ಕೆ ಎಂಟು ಹತ್ತರಷ್ಟು. ಉಳಿದದ್ದು ಬಿಳಿ ಅಕ್ಕಿ. ಅದರಲ್ಲಿ ಮುರಿಯದೆ ಬಂದದ್ದು ಇಡಿ ಅಕ್ಕಿ, ಮುರಿದದ್ದು ನುಚ್ಚು. ಕಾಳಿನ ಪೂರ್ತಿ ಉದ್ದದ ಮುಕ್ಕಾಲು ಭಾಗವಾದರೂ ಉಳಿದಿದ್ದರೆ ಅದನ್ನು ಇಡಿ ಅಕ್ಕಿಯ ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯ ರೂಢಿ.

ಸರ್ಕಾರ ಬೆಂಬಲ ಬೆಲೆಯಲ್ಲಿ ಕೊಂಡ ಭತ್ತವನ್ನು ಗಿರಣಿಗೆ ಕೊಟ್ಟು ಅಕ್ಕಿ ಮಾಡಿಸುವಾಗ, ಬಹುಕಾಲದಿಂದ ನಡೆದು ಬಂದ ಪ್ರಮಾಣದಂತೆ, ಒಂದು ಕ್ವಿಂಟಲ್ ಭತ್ತಕ್ಕೆ 67 ಕಿಲೋ ಬೆಳ್ತಿಗೆ ಅಕ್ಕಿ ಅಥವಾ 68 ಕಿಲೋ ಕುಚ್ಚಲಕ್ಕಿ ಮರಳಿಸಬೇಕು. ಈ ತೂಕದಲ್ಲಿ ನುಚ್ಚೂ ಸೇರಿದೆ. ಬೆಳ್ತಿಗೆಯಲ್ಲಿ ನೂರಕ್ಕೆ 25ರವರೆಗೆ, ಕುಚ್ಚಲಕ್ಕಿಯಲ್ಲಿ 16ರವರೆಗೆ ನುಚ್ಚು ಇರಬಹುದೆಂಬುದು ಅದೇ ಲೆಕ್ಕ. ಆದರೆ ಪೇಟೆಗೆ ಸೋನಾ ಮಸೂರಿ ಕಳಿಸುವ ಗಿರಣಿಗೆ ಈ ಅಳತೆ ಸಾಲದು. ಅಲ್ಲಿ ಗಿರಾಕಿ ಇಡಿ ಅಕ್ಕಿಗೆ ಒಂದು ಬೆಲೆ ಕೊಡುತ್ತಾನೆ, ನುಚ್ಚಿಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು ಕೊಡುತ್ತಾನೆ. ಒಟ್ಟು ತೂಕ ಅಷ್ಟೇ ಬಂದರೂ ಯಾವುದು ಎಷ್ಟು ಬಂತು ಎನ್ನುವುದರ ಮೇಲೆ ಲಾಭನಷ್ಟ ನಿಂತಿದೆ.

ಆದ್ದರಿಂದ ಪ್ರತಿ ಗಿರಣಿಯೂ ತನ್ನದೇ ಒಂದು ಅಳತೆಗೋಲು ಇಟ್ಟುಕೊಳ್ಳಬೇಕಾಗುತ್ತದೆ. ತಳಿಗೊಂದು, ಮುಂಗಾರು ಬೇಸಿಗೆ ಬೆಳೆಗೆ ಬೇರೆ ಬೇರೆ. ಇಂಥ ಒಂದು ಅಳತೆಗೋಲನ್ನು ಮುಂದಿಟ್ಟುಕೊಂಡು ಒಂದು ಲಾರಿ ಲೋಡಿನ ಲೆಕ್ಕ ಬಿಡಿಸೋಣ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು, ಆದರೆ ಗಿರಣಿಗಳಲ್ಲಿ ದಿನವೂ ಕಾಣುವಂಥವೇ.

ಒಂದು ಲೋಡಿನ ಕಥೆ

ನಮ್ಮ ಗಿರಣಿಯ ಅಳತೆಗೋಲು ಹೀಗಿದೆ ಎಂದಿಟ್ಟುಕೊಳ್ಳಿ. ತೇವಾಂಶ 14 ಇರುವ 100 ಕ್ವಿಂಟಲ್ ಭತ್ತದಿಂದ 58 ಕ್ವಿಂಟಲ್ ಇಡಿ ಅಕ್ಕಿ, 8 ಕ್ವಿಂಟಲ್ ನುಚ್ಚು, ಒಟ್ಟು 66 ಕ್ವಿಂಟಲ್ ಅಕ್ಕಿ ಬರಬೇಕು. ತೌಡು 9, ಹೊಟ್ಟು 22. ಜೊಳ್ಳು ಮತ್ತು ಕಸ 2, ಧೂಳಾಗಿ ಹಾರಿಹೋಗುವುದು 1. ಕೂಡಿದರೆ ನೂರು.

ಒಂದು ದಿನ ಬಂದ ಲೋಡೂ ಕಾಟಾದ ಮೇಲೆ ಸರಿಯಾಗಿ 100 ಕ್ವಿಂಟಲ್ ತೂಗಿತು. ಆದರೆ ತೇವಾಂಶ 17 ಇತ್ತು. ಒಣಗಿಸಿ 14ಕ್ಕೆ ತಂದು, ಚೊಕ್ಕಟ ಮಾಡಿ, ಗಿರಣಿಗೆ ಹಾಕಿದರು. ಕೊನೆಗೆ ಸಿಕ್ಕದ್ದು ಇಷ್ಟು:

ಇಡಿ ಅಕ್ಕಿ: 58 ಬರಬೇಕಿತ್ತು, 52.4 ಬಂತು
ನುಚ್ಚು: 8 ಬರಬೇಕಿತ್ತು, 9.5 ಬಂತು
ತೌಡು: 9 ಬರಬೇಕಿತ್ತು, 9.2 ಬಂತು
ಹೊಟ್ಟು: 22 ಬರಬೇಕಿತ್ತು, 20.9 ಬಂತು
ಜೊಳ್ಳು, ಕಸ: 2 ಇರಬೇಕಿತ್ತು, 3.5 ಹೋಯಿತು
ಧೂಳು: 1 ಹೋಗಬೇಕಿತ್ತು, 1 ಹೋಯಿತು
ಒಣಗುವಾಗ ಇಳಿದ ತೂಕ: ಇರಬಾರದಿತ್ತು, 3.5 ಹೋಯಿತು

ಒಟ್ಟು ಅಕ್ಕಿ 61.9 ಕ್ವಿಂಟಲ್. ಬರಬೇಕಿದ್ದ 66ಕ್ಕೆ 4.1 ಕ್ವಿಂಟಲ್ ಕಡಿಮೆ. ಇಲ್ಲಿಂದಲೇ ಜಗಳ ಶುರುವಾಗುವುದು, ಲೆಕ್ಕವೂ ಇಲ್ಲಿಂದಲೇ ಶುರುವಾಗಬೇಕು. ಕ್ರಮ ಮಾತ್ರ ತಪ್ಪಬಾರದು. ಭತ್ತ ಗಿರಣಿಯಲ್ಲಿ ನಡೆದು ಬಂದ ದಾರಿಯಲ್ಲೇ ನಾವೂ ನಡೆಯಬೇಕು. ಮೊದಲು ಒಣಗಿದ್ದು, ಆಮೇಲೆ ಚೊಕ್ಕಟ ಮಾಡಿದ್ದು, ಆಮೇಲೆ ಹೊಟ್ಟು ಬಿಡಿಸಿ ತೌಡು ತೆಗೆದದ್ದು.

ಗಾಳಿಗೆ ಹೋದದ್ದು

ಹಸಿ ಭತ್ತ ಕೊಂಡಾಗ ನೀರನ್ನೂ ಭತ್ತದ ಬೆಲೆಗೇ ಕೊಂಡಿರುತ್ತೇವೆ. ಇದು ಎಲ್ಲರಿಗೂ ಗೊತ್ತು. ಎಷ್ಟು ನೀರು ಎನ್ನುವ ಲೆಕ್ಕದಲ್ಲಿ ಮಾತ್ರ ತಪ್ಪುತ್ತಾರೆ. ತೇವಾಂಶ 17ರಿಂದ 14ಕ್ಕೆ ಇಳಿದರೆ ತೂಕ ನೂರಕ್ಕೆ ಮೂರು ಇಳಿಯುತ್ತದೆ ಎಂದು ಬಹಳ ಜನ ಭಾವಿಸಿದ್ದಾರೆ. ನಿಜಕ್ಕೂ ಇಳಿಯುವುದು ಮೂರೂವರೆ.

ಲೆಕ್ಕ ಸರಳ. ತೇವಾಂಶ 17 ಎಂದರೆ 100 ಕ್ವಿಂಟಲ್‌ನಲ್ಲಿ 83 ಕ್ವಿಂಟಲ್ ಒಣ ಪದಾರ್ಥ. ಒಣಗಿಸುವಾಗ ನೀರು ಹೋಗುತ್ತದೆಯೇ ಹೊರತು ಈ 83 ಹಾಗೆಯೇ ಉಳಿಯುತ್ತದೆ. ಒಣಗಿದ ಭತ್ತದ ನೂರರಲ್ಲಿ 86 ಪಾಲು ಒಣ ಪದಾರ್ಥ ಇರಬೇಕು. 83ನ್ನು 86ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 96.5 ಬರುತ್ತದೆ. ಅಂದರೆ ಗಿರಣಿಯ ಯಾವ ಮಷಿನೂ ಮುಟ್ಟುವ ಮೊದಲೇ ಈ ಲೋಡು 96.5 ಕ್ವಿಂಟಲ್ ಆಗಿತ್ತು.

ಅಳತೆಗೋಲಿನ ಪ್ರಕಾರ 96.5 ಕ್ವಿಂಟಲ್‌ಗೆ ಬರಬೇಕಾದ ಅಕ್ಕಿ 63.7. ಹಾಗಾದರೆ 66ರಿಂದ ಕೆಳಗಿಳಿದ ಮೊದಲ 2.3 ಕ್ವಿಂಟಲ್ ಅಕ್ಕಿ ನಿಜವಾಗಿ ಅಕ್ಕಿಯೇ ಆಗಿರಲಿಲ್ಲ, ನೀರಾಗಿತ್ತು. ಆಪರೇಟರನನ್ನು ಕರೆಸಿ ಕೇಳಿದ ಕೊರತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇದೇ.

ಸರ್ಕಾರದ ಖರೀದಿ ಕೇಂದ್ರಗಳಲ್ಲಿ ಭತ್ತಕ್ಕೆ 17ರ ತೇವಾಂಶದ ಮಿತಿ ಇದೆ. ತುಂಗಭದ್ರಾ ನೀರಾವರಿ ಪ್ರದೇಶದಲ್ಲಿ ಕಟಾವು ಯಂತ್ರ ಗದ್ದೆಗಿಳಿದ ದಿನವೇ ಬಂದ ಭತ್ತ ಅದಕ್ಕಿಂತಲೂ ಹಸಿಯಾಗಿರಬಹುದು. ಅದನ್ನು ರೈತರು ಕಣದಲ್ಲೋ ರಸ್ತೆಯ ಅಂಚಿನಲ್ಲೋ ಹರಡಿ ಒಣಗಿಸುತ್ತಾರೆ. ರಾಶಿಯ ಮೇಲಿನ ಭತ್ತ ಒಣಗಿ, ಅಡಿಯದು ಹಸಿಯಾಗಿಯೇ ಉಳಿಯುತ್ತದೆ. ಒಂದೇ ಚೀಲಕ್ಕೆ ಕೊಳವೆ ಚುಚ್ಚಿ ಮಾದರಿ ತೆಗೆದರೆ ಇದು ಗೊತ್ತಾಗುವುದಿಲ್ಲ. ಲಾರಿಯ ಬೇರೆ ಬೇರೆ ಮೂಲೆಗಳ ಹತ್ತು ಹನ್ನೆರಡು ಚೀಲಗಳಿಂದ ತೆಗೆದು, ಕಲಸಿ, ಮೀಟರಿಗೆ ಹಾಕಬೇಕು. ಆ ಮೀಟರೂ ನೆಟ್ಟಗಿರಬೇಕು. ಅದು ಒಂದೇ ಒಂದು ಅಂಕ ಕಡಿಮೆ ತೋರಿಸಿದರೆ ನೂರು ಕ್ವಿಂಟಲ್‌ಗೆ ಸುಮಾರು 1.2 ಕ್ವಿಂಟಲ್ ನೀರು ಲೆಕ್ಕಕ್ಕೆ ಸಿಗದೆ ಒಳಗೆ ಬರುತ್ತದೆ. ಸುಗ್ಗಿಯಲ್ಲಿ ದಿನಕ್ಕೆ ಹತ್ತು ಲಾರಿ ಇಳಿಸಿಕೊಳ್ಳುವ ಗಿರಣಿಗೆ ಅದು ದಿನಕ್ಕೆ 12 ಕ್ವಿಂಟಲ್.

ಕಸಕ್ಕೆ ಹೋದದ್ದು

ಒಣಗಿದ 96.5 ಕ್ವಿಂಟಲ್ ಭತ್ತ ಜರಡಿಗೆ ಹೋಗುತ್ತದೆ. ಅಲ್ಲಿ ಹುಲ್ಲುಕಡ್ಡಿ, ಮಣ್ಣು, ಕಲ್ಲು, ಜೊಳ್ಳು ಬೇರೆಯಾಗುತ್ತವೆ. ಅಳತೆಗೋಲಿನಂತೆ ಕಸಕ್ಕೂ ಧೂಳಿಗೂ ಸೇರಿ ನೂರಕ್ಕೆ 3 ಹೋಗಿ, 93.6 ಕ್ವಿಂಟಲ್ ಚೊಕ್ಕ ಭತ್ತ ಉಳಿಯಬೇಕಿತ್ತು. ಉಳಿದದ್ದು 92. ಕಡಿಮೆಯಾದ 1.6 ಕ್ವಿಂಟಲ್ ಭತ್ತಕ್ಕೆ ಅಕ್ಕಿಯ ಲೆಕ್ಕ ಹಾಕಿದರೆ 1.1 ಕ್ವಿಂಟಲ್.

ಜೊಳ್ಳು ಹೆಚ್ಚಾಗುವುದು ಗದ್ದೆಯಲ್ಲಿ. ತೆನೆ ಹೊರಬರುವಾಗ ಬೆಂಕಿ ರೋಗ ಕುತ್ತಿಗೆಗೆ ಬಂದರೆ, ಕಂದು ಜಿಗಿಹುಳು ಹಾಯ್ದರೆ, ಕಾಲುವೆಯ ಕೊನೆಯ ಭಾಗದಲ್ಲಿ ಹಾಲು ತುಂಬುವ ಹೊತ್ತಿಗೆ ನೀರು ನಿಂತುಹೋದರೆ ಕಾಳು ಕಟ್ಟುವುದಿಲ್ಲ. ಪೂರ್ತಿ ಜೊಳ್ಳು ಜರಡಿಯಲ್ಲೇ ಹಾರಿಹೋಗುತ್ತದೆ. ಅರ್ಧ ತುಂಬಿದ ಕಾಳು ಹೆಚ್ಚು ತೊಂದರೆಯದು. ಅದು ಭತ್ತದಂತೆಯೇ ಒಳಗೆ ಹೋಗಿ, ಪಾಲಿಶ್ ಆಗುವಾಗ ಪುಡಿಯಾಗಿ ತೌಡಿಗೋ ನುಚ್ಚಿಗೋ ಸೇರುತ್ತದೆ. ಅದರ ನಷ್ಟವನ್ನು ಮಷಿನಿನ ತಲೆಗೆ ಕಟ್ಟುವುದು ಸುಲಭ.

ಗೇಟಿನಲ್ಲಿ ಇದನ್ನು ಪತ್ತೆ ಮಾಡಲು ದುಬಾರಿ ಉಪಕರಣ ಬೇಕಿಲ್ಲ. ಕಲಸಿದ ಮಾದರಿಯಿಂದ ಒಂದು ಕಿಲೋ ತೂಗಿ ಮೊರದಲ್ಲಿ ಕೇರಿ, ಉಳಿದದ್ದನ್ನು ಮತ್ತೆ ತೂಗಿದರೆ ಸಾಕು. 20 ಗ್ರಾಂ ಹೋದರೆ ಅಳತೆಗೋಲಿನೊಳಗಿದೆ. 35 ಗ್ರಾಂ ಹೋದರೆ ಬೆಲೆಯ ಮಾತನ್ನು ಲಾರಿ ಇಳಿಸುವ ಮೊದಲೇ ಆಡಬೇಕು, ಇಳಿಸಿದ ಮೇಲೆ ಆಡಿ ಪ್ರಯೋಜನವಿಲ್ಲ.

ತೌಡಿಗೆ ಹೋದದ್ದು

ಇಲ್ಲಿಂದ ಮುಂದೆ ಗಿರಣಿಯ ಒಳಗಿನ ಲೆಕ್ಕ. ಚೊಕ್ಕ ಭತ್ತ ಮೊದಲು ಎರಡು ರಬ್ಬರ್ ರೋಲುಗಳ ನಡುವೆ ಹಾಯುತ್ತದೆ. ಒಂದು ರೋಲು ಜೋರಾಗಿ, ಇನ್ನೊಂದು ನಿಧಾನವಾಗಿ ತಿರುಗುವುದರಿಂದ ಹೊಟ್ಟು ಎರಡು ಕಡೆ ಎಳೆದಂತಾಗಿ ಬಿಡಿಸಿಕೊಳ್ಳುತ್ತದೆ. ಒಂದೇ ಸಲಕ್ಕೆ ಎಲ್ಲ ಕಾಳೂ ಬಿಡಿಸಿಕೊಳ್ಳುವುದಿಲ್ಲ, ಉಳಿದದ್ದನ್ನು ಸೆಪರೇಟರ್ ಬೇರ್ಪಡಿಸಿ ಮರಳಿ ರೋಲಿಗೆ ಕಳಿಸುತ್ತದೆ. ಆಮೇಲೆ ಕಂದು ಅಕ್ಕಿ ಪಾಲಿಶ್ ಮಷಿನಿಗೆ ಹೋಗಿ, ಉಜ್ಜಿಸಿಕೊಂಡು, ತೌಡು ಬಿಟ್ಟು ಬೆಳ್ಳಗಾಗುತ್ತದೆ.

ನಮ್ಮ 92 ಕ್ವಿಂಟಲ್ ಚೊಕ್ಕ ಭತ್ತದಿಂದ 20.9 ಹೊಟ್ಟು ಬಂತು, 71.1 ಕಂದು ಅಕ್ಕಿ ಉಳಿಯಿತು. ಇದು ಅಳತೆಗೋಲಿಗೆ ಸರಿಯಾಗಿದೆ. ಮೊದಲ ಪಟ್ಟಿಯಲ್ಲಿ ಹೊಟ್ಟು 22ಕ್ಕಿಂತ ಕಡಿಮೆ ಕಂಡದ್ದು ಭತ್ತವೇ ಕಡಿಮೆ ಇದ್ದುದರಿಂದ. ಅಂದರೆ ರಬ್ಬರ್ ರೋಲಿನ ವಿಭಾಗದಲ್ಲಿ ನಷ್ಟವಾಗಿಲ್ಲ. ಆಗಿದ್ದರೆ ಹೊಟ್ಟಿನ ರಾಶಿಯಲ್ಲೇ ಸಾಕ್ಷಿ ಸಿಗುತ್ತಿತ್ತು. ಹೊಟ್ಟನ್ನು ಎಳೆಯುವ ಗಾಳಿ ಜೋರಾದರೆ ಅದರ ಜೊತೆ ಅಕ್ಕಿ, ಭತ್ತವೂ ಹಾರಿಹೋಗುತ್ತವೆ. ಒಂದು ಬಕೆಟ್ ನೀರಿಗೆ ಹೊಟ್ಟು ಸುರಿದು ಕಲಕಿದರೆ ಗಟ್ಟಿ ಕಾಳು ತಳಕ್ಕೆ ಇಳಿಯುತ್ತದೆ. ತಳದಲ್ಲಿ ಕೈಗೆ ಸಿಗುವಷ್ಟು ಕಾಳಿದ್ದರೆ ಗಾಳಿಯ ಬಾಗಿಲು ಸರಿಪಡಿಸಬೇಕು.

ಪಾಲಿಶ್ ಮಷಿನಿನಲ್ಲಿ ಕಥೆ ಬೇರೆ. 71.1 ಕ್ವಿಂಟಲ್ ಕಂದು ಅಕ್ಕಿಯಿಂದ 8.5 ಕ್ವಿಂಟಲ್ ತೌಡು ಬರಬೇಕಿತ್ತು. ಬಂದದ್ದು 9.2. ಹೆಚ್ಚಾದ 0.7 ಕ್ವಿಂಟಲ್ ಅಕ್ಕಿಯಾಗಿ ಉಳಿಯಬೇಕಿದ್ದದ್ದು. ಮೊದಲ ಪಟ್ಟಿಯನ್ನಷ್ಟೇ ನೋಡಿದವರಿಗೆ 9ಕ್ಕೆ 9.2 ಬಂದದ್ದು ದೊಡ್ಡದಾಗಿ ಕಾಣುವುದಿಲ್ಲ. ಎಷ್ಟು ಕಂದು ಅಕ್ಕಿ ಒಳಗೆ ಹೋಯಿತು ಎಂದು ನೋಡಿದಾಗ ಮಾತ್ರ ಆ ಅಂಕಿ ಬಾಯಿ ಬಿಡುತ್ತದೆ.

ಈ 0.7 ಎರಡು ರೀತಿಯಲ್ಲಿ ಹೋಗಿರಬಹುದು. ಒಂದು, ಅಕ್ಕಿ ಇನ್ನಷ್ಟು ಬೆಳ್ಳಗಿರಲಿ ಎಂದು ಹೆಚ್ಚು ಉಜ್ಜಿರಬಹುದು. ಇನ್ನೊಂದು, ಪಾಲಿಶ್ ಮಷಿನಿನ ಜಾಲರಿ ಸವೆದು ಅಥವಾ ಹರಿದು, ಸಣ್ಣ ನುಚ್ಚು ತೌಡಿನ ಕಡೆಗೆ ಸೋರಿರಬಹುದು. ಎರಡಕ್ಕೂ ಮದ್ದು ಬೇರೆ. ಆದ್ದರಿಂದ ತೌಡನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ ಆಡಿಸಬೇಕು. ಜರಡಿಯ ಮೇಲೆ ನುಚ್ಚು ಉಳಿದರೆ ಜಾಲರಿ ಬದಲಿಸಬೇಕು. ಉಳಿಯದೆ, ತೌಡು ಬೆಳ್ಳಗೆ ಹಿಟ್ಟಿನಂತಿದ್ದರೆ ಆಪರೇಟರ್ ಹೆಚ್ಚು ಒತ್ತಡ ಕೊಟ್ಟಿದ್ದಾನೆ. ಒಳ್ಳೆಯ ತೌಡು ಕಂದು ಬಣ್ಣಕ್ಕಿರುತ್ತದೆ. ಎಣ್ಣೆ ತೆಗೆಯುವ ಕಾರ್ಖಾನೆಗೆ ಬೇಕಾದ ಜಿಡ್ಡು ಇರುವುದೂ ಆ ಪದರದಲ್ಲೇ. ಒಳಗಿನ ಬಿಳಿ ಹಿಟ್ಟು ಬೆರೆತಷ್ಟೂ ಅಕ್ಕಿ ಹೋಗುವುದರ ಜೊತೆಗೆ ತೌಡಿನ ಎಣ್ಣೆಯ ಪಾಲೂ ಇಳಿಯುತ್ತದೆ.

ಈಗ ಕೂಡಿ ನೋಡಿ. ನೀರಿಗೆ 2.3, ಕಸಕ್ಕೆ 1.1, ತೌಡಿಗೆ 0.7. ಒಟ್ಟು 4.1 ಕ್ವಿಂಟಲ್. ಕಾಣೆಯಾದ ಅಕ್ಕಿಯೆಲ್ಲ ಸಿಕ್ಕಿತು.

ನುಚ್ಚಾದದ್ದು

ತೂಕ ಸಿಕ್ಕಿದರೂ ದುಡ್ಡು ಪೂರ್ತಿ ಸಿಕ್ಕಿಲ್ಲ. ಬಂದ 61.9 ಕ್ವಿಂಟಲ್ ಅಕ್ಕಿಯಲ್ಲಿ ಅಳತೆಗೋಲಿನ ಪ್ರಕಾರ 7.5 ಕ್ವಿಂಟಲ್ ನುಚ್ಚು ಇರಬಹುದಿತ್ತು. ಇರುವುದು 9.5. ಎರಡು ಕ್ವಿಂಟಲ್ ಇಡಿ ಅಕ್ಕಿ ಮುರಿದು ನುಚ್ಚಾಗಿದೆ. ಒಟ್ಟು ತೂಕದಲ್ಲಿ ಇದು ಕಾಣುವುದೇ ಇಲ್ಲ.

ನುಚ್ಚು ಕಂಡ ಕೂಡಲೇ ಮಷಿನಿನ ಕಡೆ ಬೆರಳು ತೋರಿಸುವುದು ರೂಢಿ. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಅಕ್ಕಿಯ ಗುಣದ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ ವಿಜ್ಞಾನಿ ಕೆ.ಆರ್. ಭಟ್ಟಾಚಾರ್ಯ ಈ ನಂಬಿಕೆಯನ್ನು ಪರೀಕ್ಷಿಸಿ ನೋಡಿದವರು. ಗಿರಣಿಯಲ್ಲಿ ಮುರಿಯುವುದು ಬಹುಪಾಲು ಮೊದಲೇ ಬಿರುಕು ಬಿಟ್ಟ ಅಥವಾ ಸರಿಯಾಗಿ ಬಲಿಯದ ಕಾಳು, ಗಟ್ಟಿ ಕಾಳು ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ ಎಂಬುದು ಅವರ ಕೆಲಸದಿಂದ ತಿಳಿದುಬಂದ ಮುಖ್ಯ ವಿಷಯ. ಬಿರುಕು ಹುಟ್ಟುವುದು ಗಿರಣಿಯ ಹೊರಗೆ. ಗಿರಣಿಯಲ್ಲಿ ಅದು ಬಯಲಿಗೆ ಬರುತ್ತದೆ.

ಬಿರುಕು ಹುಟ್ಟುವ ಬಗೆಯನ್ನು ತಿಳಿದರೆ ಅದನ್ನು ತಡೆಯುವ ಬಗೆಯೂ ತಿಳಿಯುತ್ತದೆ. ಬಿರುಬಿಸಿಲಿನಲ್ಲಿ ತೆಳ್ಳಗೆ ಹರಡಿದ ಭತ್ತದ ಹೊರಭಾಗ ಬೇಗ ಒಣಗಿ ಕುಗ್ಗುತ್ತದೆ. ಒಳಭಾಗ ಇನ್ನೂ ಹಸಿಯಾಗಿರುತ್ತದೆ. ಈ ಎಳೆದಾಟ ಮಿತಿ ಮೀರಿದರೆ ಕಾಳಿಗೆ ಅಡ್ಡಲಾಗಿ ಕೂದಲೆಳೆಯ ಗೆರೆ ಬೀಳುತ್ತದೆ. ಒಣಗಿದ ಭತ್ತ ಮತ್ತೆ ನೀರು ಕುಡಿದರೆ ಇನ್ನೂ ಕೆಟ್ಟದ್ದು. ಬಲಿತು ಒಣಗಿದ ತೆನೆಯ ಮೇಲೆ ರಾತ್ರಿ ಮಂಜು ಬಿದ್ದಾಗ, ಒಣಗಿದ ರಾಶಿಯ ಮೇಲೆ ತುಂತುರು ಮಳೆ ಹಾಯ್ದಾಗ, ಒಣ ಭತ್ತವನ್ನು ಹಸಿ ಭತ್ತದ ಜೊತೆ ಒಂದೇ ಗೋದಾಮಿನಲ್ಲಿ ಸುರಿದಾಗ ಹೀಗಾಗುತ್ತದೆ. ಕೊನೆಯ ತಪ್ಪು ಗಿರಣಿಯದೇ. ತೇವಾಂಶ 12 ಇರುವ ಲೋಡಿಗೆ 17ರದ್ದನ್ನು ಬೆರೆಸಿದರೆ ಸರಾಸರಿ ಚೆನ್ನಾಗಿ ಕಾಣುತ್ತದೆ, ಆದರೆ ಒಣ ಕಾಳು ಹಸಿ ಕಾಳಿನಿಂದ ತೇವ ಎಳೆದುಕೊಂಡು ಬಿರಿಯುತ್ತದೆ.

ಡ್ರೈಯರಿನಲ್ಲಿ ಒಣಗಿಸುವವರೂ ಇದೇ ಎಚ್ಚರ ಇಟ್ಟುಕೊಳ್ಳಬೇಕು. ಒಂದೇ ಓಟದಲ್ಲಿ 17ರಿಂದ 14ಕ್ಕೆ ತರುವ ಆತುರ ಬೇಡ. ಸ್ವಲ್ಪ ಇಳಿಸಿ, ಕೆಲವು ಗಂಟೆ ಬಿನ್‌ನಲ್ಲಿ ಸುಮ್ಮನೆ ಬಿಟ್ಟರೆ ಒಳಗಿನ ತೇವ ಹೊರಗೆ ಬಂದು ಕಾಳಿಡೀ ಸಮವಾಗುತ್ತದೆ. ಆಮೇಲೆ ಮತ್ತೆ ಒಣಗಿಸಬೇಕು. ಬಿರುಕು ಬಿಸಿಯಲ್ಲಿರುವಾಗಲೇ ಕಾಣುತ್ತದೆ ಎಂದೂ ಇಲ್ಲ. ಡ್ರೈಯರಿನಿಂದ ಇಳಿಸಿ ಗಂಟೆಗಳಾದ ಮೇಲೆ ಮೂಡುವುದುಂಟು. ಆದ್ದರಿಂದ ಇಳಿಸಿದ ತಕ್ಷಣ ನೋಡಿ ಚೆನ್ನಾಗಿದೆ ಎಂದರೆ ಸಾಲದು, ಮರುದಿನವೂ ನೋಡಬೇಕು.

ನೋಡುವ ವಿಧಾನ ಸುಲಭ. ನೂರು ಕಾಳು ಎಣಿಸಿ ಕೈಯಿಂದ ಹೊಟ್ಟು ಬಿಡಿಸಿ, ಕೆಳಗೆ ಬಲ್ಬ್ ಇಟ್ಟ ಗಾಜಿನ ಮೇಲೆ ಹರಡಬೇಕು. ಬಿರುಕು ಬಿಟ್ಟ ಕಾಳಿನಲ್ಲಿ ಅಡ್ಡಗೆರೆ ಕಾಣುತ್ತದೆ. ಅದಕ್ಕಿಂತ ಗಟ್ಟಿ ಪರೀಕ್ಷೆ, ಒಂದಷ್ಟು ಭತ್ತವನ್ನು ಮೇಜಿನ ಮೇಲಿಡುವ ಚಿಕ್ಕ ಗಿರಣಿಯಲ್ಲಿ ಹಾಕಿ ನೋಡುವುದು. ಚಿಕ್ಕ ಗಿರಣಿಯಲ್ಲೂ ನುಚ್ಚು ಅಷ್ಟೇ ಬಂದರೆ ತಪ್ಪು ಭತ್ತದ್ದು. ಅಲ್ಲಿ ಕಡಿಮೆ ಬಂದು ದೊಡ್ಡ ಗಿರಣಿಯಲ್ಲಿ ಹೆಚ್ಚು ಬಂದರೆ ಮಷಿನ್ ಬಿಚ್ಚಿ ನೋಡಬೇಕು. ರೋಲುಗಳ ಅಂತರ ಬಿಗಿಯಾಗಿರಬಹುದು, ರಬ್ಬರ್ ಸವೆದಿರಬಹುದು, ಒಂದೇ ಪಾಲಿಶ್ ಮಷಿನಿನ ಮೇಲೆ ಎಲ್ಲ ಕೆಲಸ ಹೊರಿಸಿರಬಹುದು. ಎರಡು ಮೂರು ಮಷಿನುಗಳಲ್ಲಿ ಸ್ವಲ್ಪ ಸ್ವಲ್ಪವೇ ತೌಡು ತೆಗೆದರೆ ಅಕ್ಕಿ ಕಾಯುವುದಿಲ್ಲ, ಮುರಿಯುವುದೂ ಕಡಿಮೆ. ಸಂಜೆಯ ಆ ಜಗಳವನ್ನು ನಿಲ್ಲಿಸಲು ಈ ಒಂದು ಪರೀಕ್ಷೆಗಿಂತ ನೆಟ್ಟಗಿನ ದಾರಿ ಇಲ್ಲ.

ಕರಾವಳಿಯ ಕುಚ್ಚಲಕ್ಕಿ ಗಿರಣಿಗಳಲ್ಲಿ ನುಚ್ಚಿನ ಚಿಂತೆ ಇಷ್ಟಿರುವುದಿಲ್ಲ. ಭತ್ತವನ್ನು ನೆನೆಸಿ ಬೇಯಿಸಿದಾಗ ಕಾಳಿನೊಳಗಿನ ಪಿಷ್ಟ ಬೆಂದು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹಳೆಯ ಬಿರುಕುಗಳೂ ಅದರಲ್ಲಿ ಬೆಸೆದುಹೋಗುತ್ತವೆ. ಸರ್ಕಾರದ ಲೆಕ್ಕದಲ್ಲಿ ಕುಚ್ಚಲಕ್ಕಿಗೆ ಒಂದು ಕಿಲೋ ಹೆಚ್ಚು ಇಳುವರಿ, ಕಡಿಮೆ ನುಚ್ಚು ಇಟ್ಟಿರುವುದರ ಹಿಂದೆ ಇರುವುದು ಇದೇ ವಿಷಯ. ಆದರೆ ಬೇಯಿಸಿದ ಭತ್ತವನ್ನು ಆತುರದಲ್ಲಿ ಒಣಗಿಸಿದರೆ ಅದೂ ಹೊಸದಾಗಿ ಬಿರಿಯುತ್ತದೆ.

ರೂಪಾಯಿಯಲ್ಲಿ ಎಷ್ಟು, ಯಾರದು ಎಷ್ಟು

ಕ್ವಿಂಟಲ್ ಲೆಕ್ಕ ಮುಗಿಯಿತು, ಇನ್ನು ದುಡ್ಡಿನ ಲೆಕ್ಕ. ಇಡಿ ಅಕ್ಕಿಗೆ ಕ್ವಿಂಟಲ್‌ಗೆ 4,500, ನುಚ್ಚಿಗೆ 2,500, ತೌಡಿಗೆ 2,000 ರೂಪಾಯಿ ಎಂದು ಹಿಡಿಯೋಣ. ಹೊಟ್ಟನ್ನು ಗಿರಣಿಯ ಒಲೆಗೇ ಹಾಕುವುದರಿಂದ ಬೆಲೆ ಬಿಟ್ಟುಬಿಡೋಣ. ಅಳತೆಗೋಲಿನಂತೆ ಬಂದಿದ್ದರೆ ಈ ಲೋಡಿನಿಂದ 2,99,000 ರೂಪಾಯಿಯ ಮಾಲು ಸಿಗುತ್ತಿತ್ತು. ಸಿಕ್ಕದ್ದು ಸುಮಾರು 2,78,000ದ್ದು. ಕೊರತೆ 21,000.

ನೀರಿನ ಪಾಲು ಸುಮಾರು 10,500. ಜೊಳ್ಳು ಕಸದ ಪಾಲು 4,900. ಅಕ್ಕಿ ತೌಡಾದದ್ದರಿಂದ ಆದ ನಷ್ಟ 1,600, ಏಕೆಂದರೆ ಅಕ್ಕಿಯ ಬೆಲೆ ಹೋದರೂ ತೌಡಿನ ಬೆಲೆ ಕೈಗೆ ಬಂದಿದೆ. ಇಡಿ ಅಕ್ಕಿ ನುಚ್ಚಾದದ್ದರಿಂದ 4,000, ಅದೂ ಎರಡು ಬೆಲೆಗಳ ನಡುವಿನ ಅಂತರದಿಂದ. ಮೊದಲೆರಡು ಸೇರಿ 15,400. ಇವೆರಡೂ ಗೇಟಿನಲ್ಲೇ ಆದದ್ದು, ಭತ್ತ ಕೊಂಡವನು ಉತ್ತರ ಹೇಳಬೇಕಾದದ್ದು. ಮಷಿನ್ ಕೋಣೆಯಲ್ಲಿ ಹುಡುಕಬೇಕಾದದ್ದು 5,600. ಅದರಲ್ಲೂ ನುಚ್ಚಿನ 4,000 ಮಷಿನಿನದೋ ಭತ್ತದ್ದೋ ಎಂಬುದನ್ನು ಚಿಕ್ಕ ಗಿರಣಿಯ ಪರೀಕ್ಷೆ ಹೇಳಬೇಕು. ಆಪರೇಟರನ ಹೆಸರಿಗೆ ನೇರವಾಗಿ ಬರೆಯಬಹುದಾದದ್ದು 1,600 ಮಾತ್ರ.

ಹಾಗೆಂದು ಕೊಂಡವನನ್ನು ಈಗಲೇ ಬೈಯುವಂತಿಲ್ಲ. ಅವನು ಎಷ್ಟಕ್ಕೆ ಕೊಂಡ ಎಂದು ಕೇಳಬೇಕು. ಈ ಭಾಗದಲ್ಲಿ ಭತ್ತದ ಬೆಲೆಯನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಆಡುತ್ತಾರೆ. ಒಣ, ಚೊಕ್ಕ ಭತ್ತಕ್ಕೆ ಅಂದು ಚೀಲಕ್ಕೆ 2,025 ರೂಪಾಯಿ ನಡೆದಿತ್ತು, ಇವನು ಹಸಿ ಎಂದು ಚೌಕಾಸಿ ಮಾಡಿ 1,950ಕ್ಕೆ ಕೊಂಡಿದ್ದ ಎಂದಿಟ್ಟುಕೊಳ್ಳಿ. ಕ್ವಿಂಟಲ್‌ಗೆ 100 ರೂಪಾಯಿ ಉಳಿಯಿತು, ಲೋಡಿಗೆ 10,000. ನೀರಿನ ನಷ್ಟಕ್ಕೆ ಅದು ಬಹುತೇಕ ಸರಿಹೋಯಿತು. ತೇವಾಂಶವನ್ನು ನೋಡಿ, ಅದಕ್ಕೆ ತಕ್ಕ ಬೆಲೆಯನ್ನೇ ಅವನು ಕೊಟ್ಟಿದ್ದಾನೆ. ಅವನು ನೋಡದೆ ಬಿಟ್ಟದ್ದು ಜೊಳ್ಳನ್ನು. ಅದಕ್ಕೆ ಬೆಲೆ ಕಡಿಮೆ ಮಾಡಿಸಲಿಲ್ಲ. ಅವನ ಲೆಕ್ಕದಲ್ಲಿ ಉಳಿಯುವ ನಿಜವಾದ ನಷ್ಟ ಸುಮಾರು 5,400. ಇಳುವರಿಯ ಲೆಕ್ಕವನ್ನು ಖರೀದಿ ಬೆಲೆಯ ಲೆಕ್ಕದ ಪಕ್ಕದಲ್ಲಿಟ್ಟು ಓದದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಹಸಿ ಭತ್ತವನ್ನು ಅಗ್ಗಕ್ಕೆ ಕೊಂಡವನನ್ನು ಇಳುವರಿ ನೋಡಿ ಬೈದು, ಒಣ ಭತ್ತವನ್ನು ದುಬಾರಿಗೆ ಕೊಂಡವನನ್ನು ಇಳುವರಿ ನೋಡಿ ಹೊಗಳಿದರೆ ಎರಡೂ ತಪ್ಪು.

ಲೆಕ್ಕ ಸುಳ್ಳಾಗುವ ಕಡೆಗಳು

ಇಷ್ಟೆಲ್ಲ ಲೆಕ್ಕ ನಿಲ್ಲುವುದು ತೂಕ ಸರಿಯಿದ್ದರೆ ಮಾತ್ರ. ಗಿರಣಿಗಳಲ್ಲಿ ಅದು ತಪ್ಪುವ ಎರಡು ಕಡೆಗಳನ್ನು ಹೇಳಲೇಬೇಕು.

ಮೊದಲನೆಯದು ಬಿನ್ನುಗಳು. ಬೆಳಿಗ್ಗೆ ಗಿರಣಿ ಶುರುವಾದಾಗ ನಿನ್ನೆಯ ಕಂದು ಅಕ್ಕಿ ಸೆಪರೇಟರಿನಲ್ಲೂ ಎಲಿವೇಟರಿನಲ್ಲೂ ಉಳಿದಿರುತ್ತದೆ. ಸಂಜೆ ನಿಲ್ಲಿಸಿದಾಗ ಇಂದಿನದು ಉಳಿಯುತ್ತದೆ. ಎರಡೂ ಸಮವಾಗಿಲ್ಲದಿದ್ದರೆ ಒಂದು ದಿನ 64, ಮರುದಿನ 68 ಎಂದು ಇಳುವರಿ ಕುಣಿಯುತ್ತದೆ, ಎರಡೂ ನಿಜವಲ್ಲ. ಲೋಡಿಗೆ ಲೋಡು ಲೆಕ್ಕ ಬೇಕೆಂದರೆ ಒಂದು ಲೋಡು ಮುಗಿದ ಮೇಲೆ ಗಿರಣಿಯನ್ನು ಪೂರ್ತಿ ಖಾಲಿ ಓಡಿಸಬೇಕು. ಪ್ರತಿ ಸಲ ಹಾಗೆ ಮಾಡಲಾಗದವರು ವಾರಕ್ಕೊಮ್ಮೆಯಾದರೂ ಮಾಡಿ, ವಾರದ ಲೆಕ್ಕವನ್ನು ನಂಬಬೇಕು.

ಎರಡನೆಯದು ಹೊಟ್ಟು. ಬಹಳ ಗಿರಣಿಗಳಲ್ಲಿ ಅದನ್ನು ತೂಗುವುದೇ ಇಲ್ಲ. ಅಕ್ಕಿ, ನುಚ್ಚು, ತೌಡು ಬರೆದು, ನೂರಕ್ಕೆ ಉಳಿದದ್ದನ್ನೆಲ್ಲ ಹೊಟ್ಟು ಎಂದು ಬರೆದುಬಿಡುತ್ತಾರೆ. ಆಗ ಲೆಕ್ಕ ಯಾವಾಗಲೂ ಸರಿಯಾಗಿಯೇ ಕೂಡುತ್ತದೆ. ಹಾರಿಹೋದ ನೀರು, ಸೋರಿದ ಅಕ್ಕಿ, ಕಾಟಾದ ತಪ್ಪು, ಕಳವು ಎಲ್ಲವೂ ಹೊಟ್ಟಿನ ಹೆಸರಿನಲ್ಲಿ ಮುಚ್ಚಿಹೋಗುತ್ತವೆ. ನಮ್ಮ ಉದಾಹರಣೆಯಲ್ಲಿ ಹೊಟ್ಟನ್ನು ತೂಗದಿದ್ದರೆ ಏನಾಗುತ್ತಿತ್ತು ನೋಡಿ. ಒಣಗಿದ ಮೇಲಿನ ತೂಕವನ್ನೂ ಬರೆದಿಡದಿದ್ದರೆ 3.5 ಕ್ವಿಂಟಲ್ ನೀರು ಹೊಟ್ಟಿನ ಸಾಲಿಗೆ ಸೇರಿ ಅದು 24.4 ಆಗುತ್ತಿತ್ತು. "ಈ ಸಲದ ಭತ್ತಕ್ಕೆ ಹೊಟ್ಟು ಜಾಸ್ತಿ" ಎಂದು ಎಲ್ಲರೂ ಒಪ್ಪಿಕೊಂಡು ಎದ್ದು ಹೋಗುತ್ತಿದ್ದರು. ದಿನವೂ ತೂಗಲಾಗದಿದ್ದರೆ ತಿಂಗಳಿಗೆರಡು ಸಲ, ಒಂದು ಗಂಟೆಯ ಹೊಟ್ಟನ್ನು ಚೀಲಕ್ಕೆ ಹಿಡಿದು ತೂಗಿದರೂ ಈ ಮುಸುಕು ಸರಿಯುತ್ತದೆ.

ಒಂದು ಲೋಡಿನ ಲೆಕ್ಕದಿಂದ ಯಾರ ಮೇಲೂ ತೀರ್ಪು ಕೊಡಬಾರದು ಎಂಬುದೂ ಇಷ್ಟೇ ಮುಖ್ಯ. ಒಂದೇ ಊರಿನ ಎರಡು ಗದ್ದೆಗಳ ಭತ್ತ ಒಂದೇ ಇಳುವರಿ ಕೊಡುವುದಿಲ್ಲ. ತೌಡಿನ ಅಂಕಿ ಹತ್ತು ಲೋಡುಗಳಲ್ಲಿ ಸತತವಾಗಿ ಏರಿದ್ದರೆ ಜಾಲರಿಯನ್ನೋ ಆಪರೇಟರನ ಕೈಯನ್ನೋ ಅನುಮಾನಿಸಬಹುದು. ಒಂದು ಲೋಡಿನಲ್ಲಿ ಏರಿ ಮರುದಿನ ಇಳಿದಿದ್ದರೆ ಅದು ಆ ಭತ್ತದ ಗುಣ.

ಸಂಜೆ ಗುಮಾಸ್ತ ತರುವ ಹಾಳೆಯಲ್ಲಿ ಇಂದು ಮೂರೇ ಸಾಲುಗಳಿರುತ್ತವೆ: ಹಾಕಿದ್ದು, ಬಂದದ್ದು, ಕಡಿಮೆ ಬಿದ್ದದ್ದು. ಅದಕ್ಕೆ ಇನ್ನೂ ನಾಲ್ಕು ಸಾಲು ಸೇರಿಸಿದರೆ ಸಾಕು. ಒಣಗಿದ ಮೇಲಿನ ತೂಕ, ಚೊಕ್ಕ ಮಾಡಿದ ಮೇಲಿನ ತೂಕ, ಕಂದು ಅಕ್ಕಿಯ ತೂಕ, ನುಚ್ಚಿನ ತೂಕ. ಆ ನಾಲ್ಕು ಸಾಲಿದ್ದರೆ ಆಪರೇಟರ್ "ಭತ್ತಾನ ಹಂಗ ಐತ್ರೀ" ಎಂದಾಗ ಸಾಹುಕಾರರು ಹಾಳೆಯ ಮೇಲೆ ಬೆರಳಿಟ್ಟು ನೋಡಬಹುದು. ನಮ್ಮ ಲೋಡಿನ ಮಟ್ಟಿಗೆ ಅವನ ಮಾತು ಬಹುಪಾಲು ನಿಜವೇ ಆಗಿತ್ತು.